3,000 ರೂಪಾಯಿ ಇದ್ದರೆ ಮೊದಲು ಡಂಬೆಲ್ ಕೊಳ್ಳಬೇಕೇ?

ಮಂಗಳೂರಿನ ಒಂದು ಬಾಡಿಗೆ ಮನೆ, 82 ಕಿಲೋ ತೂಕದ ದೇಹ, ಇಷ್ಟರವರೆಗೆ ವ್ಯಾಯಾಮದ ಅಭ್ಯಾಸ ಇಲ್ಲ, ಕೈಯಲ್ಲಿ 3,000 ರೂಪಾಯಿ. ಕೊಬ್ಬು ಇಳಿಸಬೇಕು. ಪ್ಲೇಟ್ ಹಾಕಿ ತೆಗೆಯುವ ಡಂಬೆಲ್ ಜೋಡಿಯನ್ನು ಮೊದಲು ತರಬೇಕೇ, ಅಥವಾ ರಬ್ಬರ್ ಬ್ಯಾಂಡ್ ಮತ್ತು ಪುಲ್-ಅಪ್ ಬಾರ್ ತರಬೇಕೇ? ಎರಡು ಅಭಿಪ್ರಾಯಗಳು ಇಲ್ಲಿವೆ.

ಪರ: ಮೊದಲು ಡಂಬೆಲ್

ಕೊಬ್ಬು ಇಳಿಯುವುದು ಮುಖ್ಯವಾಗಿ ಊಟದ ಲೆಕ್ಕದಿಂದ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಮುಕ್ಕಾಲು ಗಂಟೆ ಡಂಬೆಲ್ ಎತ್ತಿದರೆ ಖರ್ಚಾಗುವುದು ಅದರ ಸಣ್ಣದೊಂದು ಪಾಲು, ರಾತ್ರಿ ಒಂದು ಸೌಟು ಅನ್ನ ಜಾಸ್ತಿ ಉಂಡರೆ ಅದರಲ್ಲೂ ಒಳ್ಳೆಯ ಭಾಗ ವಾಪಸು ಬರುತ್ತದೆ. ಹಾಗಾದರೆ ಸಲಕರಣೆ ಏಕೆ ಬೇಕು? ಊಟ ಕಡಿಮೆಯಾದಾಗ ದೇಹ ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಕಳೆದುಕೊಳ್ಳುತ್ತದೆ. ಸ್ನಾಯುವಿಗೆ ಭಾರದ ಕೆಲಸ ಸಿಗುತ್ತಾ ಇದ್ದರೆ ಮತ್ತು ಮೊಟ್ಟೆ, ಮೀನು, ಬೇಳೆ, ಮೊಸರಿನಿಂದ ಪ್ರೋಟೀನ್ ಸಾಕಷ್ಟು ಬರುತ್ತಿದ್ದರೆ ಆ ನಷ್ಟ ಬಹಳಷ್ಟು ತಪ್ಪುತ್ತದೆ. ಸಲಕರಣೆಯ ಕೆಲಸ ಇಷ್ಟೇ, ಆದರೆ ದೊಡ್ಡ ಕೆಲಸ.

ಸ್ನಾಯು ಉಳಿದಿದೆಯೋ ಇಲ್ಲವೋ ಎಂದು ಮನೆಯಲ್ಲಿ ತಿಳಿಯಲು ಒಂದು ಸುಲಭದ ದಾರಿ ಇದೆ. ತಕ್ಕಡಿಯ ಮುಳ್ಳು ಇಳಿಯುತ್ತಿರುವಾಗಲೂ ಎತ್ತುವ ಭಾರ ಅಷ್ಟೇ ಇದೆಯೇ, ಏರುತ್ತಿದೆಯೇ ಎಂದು ನೋಡಬೇಕು. ಡಂಬೆಲ್ ಪರವಾಗಿ ನಾನು ವಾದಿಸುವುದು ಮುಖ್ಯವಾಗಿ ಇದಕ್ಕೇ. 9 ಕಿಲೋ ಇಂದೂ 9 ಕಿಲೋ, ಮೂರು ತಿಂಗಳ ನಂತರವೂ 9 ಕಿಲೋ. ಪುಸ್ತಕದಲ್ಲಿ ಬರೆದಿಟ್ಟ ಸಂಖ್ಯೆಯನ್ನು ನಂಬಬಹುದು.

ಏನು ಕೊಳ್ಳಬೇಕು ಎಂಬುದಕ್ಕೆ ಬರುತ್ತೇನೆ. 14 ಇಂಚಿನ, ತುದಿಗಳಲ್ಲಿ ಸ್ಕ್ರೂವಿನ ಹಾಗೆ ಮರೆ ಕೊರೆದ ಎರಡು ರಾಡ್, ಅವುಗಳಿಗೆ ನಾಲ್ಕು ಸ್ಟಾರ್ ನಟ್. ಎರಡೂವರೆ ಕಿಲೋದ ನಾಲ್ಕು ಕಬ್ಬಿಣದ ಪ್ಲೇಟ್, ಒಂದೂಕಾಲು ಕಿಲೋದ ನಾಲ್ಕು ಪ್ಲೇಟ್. ಪ್ಲೇಟುಗಳದ್ದು ಒಟ್ಟು 15 ಕಿಲೋ. ಕಿಲೋಗೆ 130 ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕರೆ 1,950 ರೂಪಾಯಿ. ನಟ್ ಸಹಿತ ರಾಡ್‌ಗಳಿಗೆ 700 ಎಂದುಕೊಂಡರೂ ಕೆಳಗೆ ಹಾಸಲು ಒಂದು ರಬ್ಬರ್ ಮ್ಯಾಟ್‌ಗೆ ದುಡ್ಡು ಉಳಿಯುತ್ತದೆ. ದರ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಹಳೆಯ ಪ್ಲೇಟ್ ಸಿಕ್ಕರೆ ಇನ್ನೂ ಒಳ್ಳೆಯದು, ಕಬ್ಬಿಣ ಹಳತಾದರೂ ತೂಕ ಹೋಗುವುದಿಲ್ಲ. ಕೊಳ್ಳುವಾಗ ಪ್ಲೇಟಿನ ತೂತು ನಿಮ್ಮ ರಾಡಿಗೆ ಹೊಂದುತ್ತದೆಯೇ ಎಂದು ಹಾಕಿ ನೋಡಿ. ಒಂದೇ ಅಳತೆಯ ರಾಡ್ ಎಲ್ಲ ಕಡೆ ಇರುವುದಿಲ್ಲ. ತೂತು ದೊಡ್ಡದಾದರೆ ಎತ್ತುವಾಗ ಪ್ಲೇಟ್ ಅಲುಗಾಡಿ ನಟ್ಟನ್ನು ಸಡಿಲ ಮಾಡುತ್ತದೆ.

ಒಳಗೆ ಸಿಮೆಂಟು ಅಥವಾ ಮರಳು ತುಂಬಿದ ಪಿವಿಸಿ ಪ್ಲೇಟಿನ ಸೆಟ್ ಇದರ ಅರ್ಧ ಬೆಲೆಗೇ ಸಿಗುತ್ತದೆ. ಅದನ್ನು ಬೇಡ ಎನ್ನಲು ಕಾರಣ ದಪ್ಪ. 14 ಇಂಚು ಎಂದರೆ 35 ಸೆಂಟಿಮೀಟರ್ ಚಿಲ್ಲರೆ. ಹಿಡಿಗೆ 12 ಸೆಂಟಿಮೀಟರ್, ನಟ್ಟುಗಳಿಗೆ ಒಂದಿಷ್ಟು ಬಿಟ್ಟರೆ ಒಂದೊಂದು ಕಡೆ 9 ಸೆಂಟಿಮೀಟರಿನಷ್ಟು ಜಾಗ ಉಳಿಯುತ್ತದೆ. ಅದರಲ್ಲಿ ನಾಲ್ಕು ಕಬ್ಬಿಣದ ಪ್ಲೇಟ್ ಕೂರುತ್ತವೆ, ಪಿವಿಸಿಯವು ಎರಡು ಕೂತರೆ ಹೆಚ್ಚು. ಜೊತೆಗೆ ಒಮ್ಮೆ ನೆಲಕ್ಕೆ ಬಿದ್ದರೆ ಅಂಚು ಒಡೆದು ಪುಡಿ ಸುರಿಯಲು ಶುರುವಾಗುತ್ತದೆ, ಆಮೇಲೆ ಅದರ ತೂಕವನ್ನು ನಂಬುವ ಹಾಗಿಲ್ಲ.

ರಾಡ್ ಮತ್ತು ನಟ್ ಸೇರಿ ಒಂದೂವರೆ ಕಿಲೋ ಎಂದಿಟ್ಟುಕೊಳ್ಳಿ. ಆಗ ಜೋಡಿ ಡಂಬೆಲ್ 4, 6.5, 9 ಕಿಲೋ ಆಗುತ್ತದೆ. ಎಲ್ಲ ಪ್ಲೇಟನ್ನೂ ಒಂದೇ ರಾಡಿಗೆ ಹಾಕುತ್ತಾ ಹೋದರೆ 11.5, 14, ಕೊನೆಗೆ 16.5. ವಾರಕ್ಕೆ ಮೂರು ದಿನ, ನಾಲ್ಕು ವ್ಯಾಯಾಮ ಸಾಕು: ಡಂಬೆಲನ್ನು ಎದೆಗೆ ಅಪ್ಪಿಕೊಂಡು ಬೈಠಕ್, ಕಾಲು ಹೆಚ್ಚು ಮಡಿಸದೆ ಸೊಂಟದಿಂದ ಬಾಗಿ ಏಳುವುದು, ಕುರ್ಚಿಗೆ ಒಂದು ಕೈ ಊರಿ ಇನ್ನೊಂದು ಕೈಯಿಂದ ಸೊಂಟದತ್ತ ಎಳೆಯುವುದು, ನೆಲದ ಮೇಲೆ ಮಲಗಿ ಮೇಲಕ್ಕೆ ಒತ್ತುವುದು. ಪ್ರತಿಯೊಂದೂ ಮೂರು ಸುತ್ತು, ಒಂದೊಂದು ಸುತ್ತಿನಲ್ಲಿ 8ರಿಂದ 12 ಸಲ. ಮೂರೂ ಸುತ್ತಿನಲ್ಲಿ 12 ಮುಟ್ಟಿದ ದಿನದ ನಂತರ ಮುಂದಿನ ಭಾರಕ್ಕೆ ಹೋಗಿ. ಭುಜದ ವ್ಯಾಯಾಮವನ್ನೂ ಸೇರಿಸಿಕೊಂಡರೆ ಅದಕ್ಕೆ ಮಾತ್ರ ಈ ಮೆಟ್ಟಿಲು ಎತ್ತರವಾಗುತ್ತದೆ. 4ರಿಂದ 6.5ಕ್ಕೆ ಹಾರಲು ಬರುವುದಿಲ್ಲ, ತೋಳು ಬಿಟ್ಟು ಬೆನ್ನು ಬಳುಕತೊಡಗುತ್ತದೆ. ಅರ್ಧ ಕಿಲೋದ ನಾಲ್ಕು ಪ್ಲೇಟ್ ಆಮೇಲೆ ಸೇರಿಸಿಕೊಂಡರೆ ಆ ತೊಂದರೆ ಮುಗಿಯಿತು.

ನಮ್ಮ ಕರಾವಳಿಯಲ್ಲಿ ಕಬ್ಬಿಣಕ್ಕೆ ತುಕ್ಕಿನ ಕಾಟ ಇದ್ದದ್ದೇ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಮುಟ್ಟದೆ ಇಟ್ಟರೆ ಮರೆಯೊಳಗೆ ತುಕ್ಕು ಹಿಡಿದು ನಟ್ ತಿರುಗುವುದಿಲ್ಲ. ಬಳಸಿದ ಮೇಲೆ ಬೆವರು ಒರೆಸಿ, ವಾರಕ್ಕೊಮ್ಮೆ ಮರೆಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಡಿ. ಹಿಡಿಗೆ ಎಣ್ಣೆ ತಾಗಬಾರದು.

ಬೆನ್ನಿಗೆ ಮೇಲಿನಿಂದ ಕೆಳಕ್ಕೆ ಎಳೆಯುವ ಕೆಲಸ ಡಂಬೆಲ್‌ನಲ್ಲಿ ಸರಿಯಾಗಿ ಸಿಗುವುದಿಲ್ಲ, ಇದನ್ನು ಒಪ್ಪಬೇಕು. ಆದರೆ 82 ಕಿಲೋ ತೂಗುವ ಹೊಸಬ ಬಾರಿಗೆ ಜೋತುಬಿದ್ದರೆ ಮೊದಲ ತಿಂಗಳುಗಳಲ್ಲಿ ಒಂದು ಪುಲ್-ಅಪ್ಪೂ ಆಗದಿರುವ ಸಂಭವವೇ ಹೆಚ್ಚು. ಮೊದಲ ದಿನದಿಂದಲೇ ಪೂರ್ತಿ ಕೆಲಸ ಮಾಡಿಸುವ ಸಲಕರಣೆಗೆ ಮೊದಲ ದುಡ್ಡು ಹೋಗಬೇಕು.

ವಿರೋಧ: ಮೊದಲು ಬ್ಯಾಂಡ್ ಮತ್ತು ಬಾರ್

16.5 ಕಿಲೋ ಎನ್ನುವುದು ಕೇಳಲು ಜಾಸ್ತಿ. 82 ಕಿಲೋದ ಮನುಷ್ಯ ಬೈಠಕ್ ಮಾಡುವಾಗ ತನ್ನ ದೇಹದ ಬಹುಪಾಲನ್ನು ಈಗಾಗಲೇ ಎತ್ತುತ್ತಿರುತ್ತಾನೆ. ಅದಕ್ಕೆ 16.5 ಸೇರಿಸಿದರೆ ದೇಹತೂಕದ ಐದನೆಯ ಒಂದು ಭಾಗ ಸೇರಿದಂತೆ, ಅಷ್ಟೇ. ಕೆಲವೇ ತಿಂಗಳಲ್ಲಿ ಕಾಲು ಮತ್ತು ಬೆನ್ನು ಆ ಭಾರವನ್ನು ದಾಟಿ ಹೋಗುತ್ತವೆ, ಆಗ ಮತ್ತೆ ಪ್ಲೇಟಿಗೆ ದುಡ್ಡು ಹಾಕಬೇಕು. ದೇಹದ ತೂಕ ಹೇಗೂ ಪುಕ್ಕಟೆ ಇದೆ. ಅದನ್ನು ಕೆಲಸಕ್ಕೆ ಹಚ್ಚುವ ಬಾರ್, ಅದರ ಹೊರೆಯನ್ನು ಬೇಕಾದಷ್ಟು ಇಳಿಸುವ ಬ್ಯಾಂಡ್, ಇವೆರಡೂ 3,000ದ ಒಳಗೆ ಬರುತ್ತವೆ.

ಕೊಳ್ಳಬೇಕಾದ್ದು 41 ಇಂಚಿನ, ಬಳೆಯ ಹಾಗೆ ಕೊನೆಯಿಲ್ಲದ ಲ್ಯಾಟೆಕ್ಸ್ ಬ್ಯಾಂಡ್ ಮೂರು: ಅಗಲ 13, 22 ಮತ್ತು 32 ಮಿಲಿಮೀಟರಿನ ಆಸುಪಾಸು. ಬಣ್ಣ ನೋಡಿ ಕೊಳ್ಳಬೇಡಿ, ಒಬ್ಬ ತಯಾರಕನ ಕೆಂಪು ಇನ್ನೊಬ್ಬನ ಕಪ್ಪಿಗೆ ಸಮ ಇರಬಹುದು. ಹಿಡಿಕೆ ಇರುವ ಕೊಳವೆಯಂಥ ಬ್ಯಾಂಡ್ ಸಾಮಾನ್ಯವಾಗಿ ಕೈಕೊಡುವುದು ಹಿಡಿಕೆ ಸೇರುವ ಕೀಲಿನಲ್ಲಿ, ಅದೂ ಮುಖದ ಹತ್ತಿರ. ಬಳೆ ಬ್ಯಾಂಡಿನಲ್ಲಿ ಆ ಕೀಲೇ ಇಲ್ಲ.

ಡಂಬೆಲ್ ಪರ ಇರುವವರ ಗಟ್ಟಿ ವಾದ ಸಂಖ್ಯೆಯದ್ದು. ಬ್ಯಾಂಡ್ ಶುರುವಿನಲ್ಲಿ ಹಗುರ, ಎಳೆದಷ್ಟೂ ಬಿಗಿ, ಹಾಗಾಗಿ ಎಷ್ಟು ಎಳೆದೆ ಎಂದು ತಿಳಿಯುವುದಿಲ್ಲ ಎನ್ನುತ್ತಾರೆ. ಇದಕ್ಕೆ ಪರಿಹಾರ ಪ್ರಯಾಣದ ಬ್ಯಾಗ್ ತೂಗುವ ಕೈತಕ್ಕಡಿ, ಮುನ್ನೂರು ಚಿಲ್ಲರೆ ರೂಪಾಯಿಗೆ ಸಿಗುತ್ತದೆ. ಬ್ಯಾಂಡಿನ ಒಂದು ಬದಿಯನ್ನು ಪಾದದಿಂದ ಒತ್ತಿ ಹಿಡಿದು, ಇನ್ನೊಂದು ಬದಿಗೆ ತಕ್ಕಡಿಯ ಕೊಕ್ಕೆ ಹಾಕಿ, ವ್ಯಾಯಾಮದಲ್ಲಿ ಕೈ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ನಿಧಾನವಾಗಿ ಎಳೆಯಿರಿ. ತಕ್ಕಡಿ ತೋರಿಸಿದ್ದನ್ನು ಬರೆದಿಡಿ. ಪಾದ ಊರುವ ಜಾಗಕ್ಕೆ ನೆಲದಲ್ಲಿ ಟೇಪು ಅಂಟಿಸಿದರೆ ಪ್ರತಿ ಸಲವೂ ಎಳೆತ ಅಷ್ಟೇ ಇರುತ್ತದೆ. ತಿಂಗಳಿಗೊಮ್ಮೆ ಮತ್ತೆ ತೂಗಿ. ಅದೇ ಉದ್ದಕ್ಕೆ ತೂಕ ಕಡಿಮೆ ತೋರಿಸಿದರೆ ರಬ್ಬರ್ ಸೋತಿದೆ ಎಂದರ್ಥ.

ರಬ್ಬರ್ ಸೋಲುವುದಕ್ಕೆ ನಮ್ಮ ಊರಿನಲ್ಲಿ ಒಂದು ವಿಶೇಷ ಕಾರಣ ಇದೆ, ತೆಂಗಿನೆಣ್ಣೆ. ತಲೆಗೆ, ಮೈಗೆ ಎಣ್ಣೆ ಹಚ್ಚಿಕೊಂಡ ಕೈಯಿಂದ ಲ್ಯಾಟೆಕ್ಸ್ ಮುಟ್ಟಿದರೆ ಎಣ್ಣೆ ಒಳಗೆ ಇಳಿದು ರಬ್ಬರ್ ಉಬ್ಬುತ್ತದೆ, ಅಂಟಂಟಾಗುತ್ತದೆ, ಶಕ್ತಿ ಕಳೆದುಕೊಳ್ಳುತ್ತದೆ. ಅಭ್ಯಂಜನದ ದಿನ ವ್ಯಾಯಾಮ ಮೊದಲು ಮುಗಿಸಿ. ಬ್ಯಾಂಡನ್ನು ಬಾಲ್ಕನಿಯ ಬಿಸಿಲಿನಲ್ಲಿ ತೂಗುಹಾಕಬಾರದು. ನೀರಲ್ಲಿ ತೊಳೆದು, ನೆರಳಲ್ಲಿ ಆರಿಸಿ, ಸ್ವಲ್ಪ ಟಾಲ್ಕಂ ಪೌಡರ್ ಸವರಿ ಕಪಾಟಿನಲ್ಲಿಡಿ. ಬಳಸುವ ಮೊದಲು ಒಂದೊಂದು ಗೇಣನ್ನೂ ಎಳೆದು ಬೆಳಕಿಗೆ ಹಿಡಿದು ನೋಡಬೇಕು. ಅಂಚಿನಲ್ಲಿ ಉಗುರು ತಾಗಿದಷ್ಟು ಸಣ್ಣ ಕಚ್ಚು ಕಂಡರೂ ಆ ಬ್ಯಾಂಡ್ ಕೆಲಸಕ್ಕಿಲ್ಲ, ಎಳೆದಾಗ ಹರಿಯುವುದು ಅಲ್ಲಿಂದಲೇ.

ಇನ್ನು ಬಾರ್. ಇಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ತಪ್ಪಿದರೆ ಬೀಳುವುದು ಮನುಷ್ಯ. ಬಾಗಿಲ ಚೌಕಟ್ಟಿನ ಮೇಲಂಚಿಗೆ ಸಿಕ್ಕಿಸುವ ಬಾರ್‌ಗೆ ಗೋಡೆಯಿಂದ ಹೊರಚಾಚಿದ ಮರದ ಪಟ್ಟಿ ಬೇಕು. ನಮ್ಮ ದಾರಂದ ಹೆಚ್ಚಾಗಿ ಸಾರಣೆಗೆ ಸಮನಾಗಿರುತ್ತದೆ, ಅದು ಕೂರುವುದೇ ಇಲ್ಲ. ಗೋಡೆಗೆ ಬೋಲ್ಟ್ ಹೊಡೆದು ನಿಲ್ಲಿಸುವ ಬಾರ್ ಕೆಂಪುಕಲ್ಲಿನ ಗೋಡೆಯಲ್ಲಿ ನಂಬಿಕೆಗೆ ಅರ್ಹವಲ್ಲ. ಆ ಕಲ್ಲಿನ ಒಳಗೆಲ್ಲ ತೂತು, ಬೋಲ್ಟ್ ಬಿಗಿ ಮಾಡಿದಂತೆ ಸುತ್ತಲಿನ ಕಲ್ಲು ಪುಡಿಯಾಗುತ್ತದೆ. ಸ್ವಂತ ಮನೆಯಾದರೆ ಕಾಂಕ್ರೀಟ್ ಬೀಮಿಗೆ ಹೊಡೆಯಬಹುದು. ಬಾಡಿಗೆ ಮನೆಗೆ ದಾರಂದದ ಎರಡು ಒಳಬದಿಗಳ ನಡುವೆ ತಿರುಗಿಸಿ ಬಿಗಿ ಮಾಡುವ ಬಾರೇ ಸರಿ, ಅದೂ ತುದಿ ಕೂರಿಸಲು ಸ್ಕ್ರೂ ಹಾಕುವ ಲೋಹದ ಬಟ್ಟಲು ಜೊತೆಗೆ ಬರುವಂಥದ್ದು. ಮನೆ ಮಾಲೀಕರನ್ನು ಕೇಳಿ, ಗಟ್ಟಿ ಮರದ ದಾರಂದಕ್ಕೆ ಉದ್ದದ ಸ್ಕ್ರೂ ಹೊಡೆಸಿ. ಪಿವಿಸಿ ದಾರಂದಕ್ಕೂ ತೆಳು ತಗಡಿನ ದಾರಂದಕ್ಕೂ ಇದು ಬೇಡ.

ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬಾಗಿಲು ಸಿಕ್ಕಿಕೊಳ್ಳುವುದರಿಂದ ಇದು ಎಲ್ಲರಿಗೂ ಗೊತ್ತು. ಜುಲೈಯಲ್ಲಿ ಬಿಗಿಯಾಗಿ ಕೂತ ಬಾರ್ ಫೆಬ್ರುವರಿಗೆ ಸಡಿಲವಾಗುವುದು ಇದೇ ಕಾರಣಕ್ಕೆ. ತುದಿಯ ಸುತ್ತ ದಾರಂದದ ಮೇಲೆ ಪೆನ್ಸಿಲ್ ಗೆರೆ ಎಳೆದಿಡಿ. ಪ್ರತಿ ದಿನ ಮೊದಲು ಕಾಲು ನೆಲದಲ್ಲೇ ಇಟ್ಟು ಅರ್ಧ ಭಾರ ಹಾಕಿ. ತುದಿ ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ ಬಂದಿದ್ದರೂ ಮತ್ತೆ ಬಿಗಿ ಮಾಡದೆ ಜೋತುಬೀಳಬೇಡಿ. ಡಬ್ಬಿಯ ಮೇಲೆ ಬರೆದ ಕಿಲೋ ಸುಮ್ಮನೆ ಜೋತುಬಿದ್ದ ಭಾರಕ್ಕೆ, ತೂಗಾಡಿದರೆ ಬಾರಿನ ಮೇಲೆ ಬೀಳುವ ಹೊರೆ ಅದಕ್ಕಿಂತ ಹೆಚ್ಚು.

82 ಕಿಲೋದ ಹೊಸಬರಿಗೆ ಪುಲ್-ಅಪ್ ಆಗುವುದು ಕಷ್ಟ ಎಂಬುದು ನಿಜ, ಆದ್ದರಿಂದಲೇ ಬ್ಯಾಂಡ್. ಮೊದಲ ತಿಂಗಳು 22 ಮಿಲಿಮೀಟರಿನದ್ದನ್ನು ಬಾರಿಗೆ ಸುತ್ತಿ, ಕೆಳಗೆ ಮಂಡಿಯೂರಿ ಎದೆಯತ್ತ ಎಳೆಯಿರಿ, ಮೂರು ಸುತ್ತು 12. ಆಮೇಲೆ 32 ಮಿಲಿಮೀಟರಿನದ್ದನ್ನು ಬಾರಿಗೆ ಕುಣಿಕೆ ಹಾಕಿ ಅದರಲ್ಲಿ ಪಾದ ಇಟ್ಟು ಏರಿ. ಬ್ಯಾಂಡ್ ಕೆಳಗೆ ಹೆಚ್ಚು ಎತ್ತುತ್ತದೆ, ಗಲ್ಲ ಬಾರಿಗೆ ಹತ್ತಿರವಾದಾಗ ಕಡಿಮೆ, ಹಾಗಾಗಿ ಮೇಲಿನ ಗೇಣು ಸೋಲುತ್ತದೆ. ಅದಕ್ಕೆ ಸ್ಟೂಲಿನ ಮೇಲಿಂದ ಗಲ್ಲವನ್ನು ಬಾರಿನ ಮೇಲಿಟ್ಟು, ಐದು ಎಣಿಸುವಷ್ಟು ನಿಧಾನವಾಗಿ ಇಳಿಯುವುದನ್ನು ನಾಲ್ಕು ಸಲ ಸೇರಿಸಿ. ತೂಕ 76ಕ್ಕೆ ಇಳಿದಾಗ ಎತ್ತಬೇಕಾದದ್ದೂ 6 ಕಿಲೋ ಕಡಿಮೆಯಾಗಿರುತ್ತದೆ. ಕೊಬ್ಬು ಇಳಿದದ್ದಕ್ಕೆ ಹೀಗೆ ನೇರವಾಗಿ ಪ್ರತಿಫಲ ಕೊಡುವ ವ್ಯಾಯಾಮ ಬೇರೆ ಕಡಿಮೆ.

ಕಾಲಿಗೆ ಒಂದು ಪಾದವನ್ನು ಹಿಂದಿನ ಕುರ್ಚಿಯ ಮೇಲಿಟ್ಟು ಬೈಠಕ್, ಸೊಂಟಕ್ಕೆ ಬ್ಯಾಂಡ್ ತುಳಿದು ಬಾಗಿ ಏಳುವುದು. ಎದೆಗೆ ಬೆನ್ನ ಮೇಲೆ ಬ್ಯಾಂಡ್ ಹಾಯಿಸಿದ ದಂಡ.

ಮನೆಯಲ್ಲಿ ಒಂದೂ ಗಟ್ಟಿ ದಾರಂದ ಇಲ್ಲದಿದ್ದರೆ ಬಾರಿನ ಆಸೆ ಬಿಡಿ. ಬ್ಯಾಂಡಿನ ಗಂಟನ್ನು ಬಾಗಿಲ ಮೇಲಂಚಿನ ಆಚೆಗೆ ಹಾಕಿ, ಚಿಲಕ ಹಾಕಿ ಎಳೆಯಬಹುದು. ಬಾಗಿಲು ನಿಮ್ಮ ಕಡೆಗೆ ತೆರೆಯುವಂಥದ್ದಾಗಿರಬಾರದು, ಎಳೆದಾಗ ಅದು ದಾರಂದಕ್ಕೇ ಒತ್ತಬೇಕು. ಉಳಿದ ಸಾವಿರ ರೂಪಾಯಿಗೆ 14 ಇಂಚಿನ ಒಂದೇ ರಾಡು ಮತ್ತು ಎರಡೂವರೆ ಕಿಲೋದ ಎರಡು ಪ್ಲೇಟು ಬರುತ್ತದೆ.