ಸೊನ್ನೆಗೆ ಸಿಕ್ಕ ಸನ್ಮಾನ

ಅಮೆರಿಕದ ರಾಷ್ಟ್ರೀಯ ಇತಿಹಾಸ ಮ್ಯೂಸಿಯಂನಲ್ಲಿ ಒಂದು ನ್ಯಾಪ್ಕಿನ್ ಇದೆ. ಊಟವಾದ ಮೇಲೆ ಬಾಯಿ ಒರೆಸಿಕೊಳ್ಳುವ ಬಟ್ಟೆ. ಅದರ ಮೇಲೆ ಪೆನ್ನಿನಲ್ಲಿ ಗೀಚಿದ ಒಂದು ಗೆರೆ. 1974ರಲ್ಲಿ ವಾಷಿಂಗ್ಟನ್ನಿನ ಹೋಟೆಲೊಂದರಲ್ಲಿ ಆರ್ಥರ್ ಲ್ಯಾಫರ್ ಎಂಬ ಅರ್ಥಶಾಸ್ತ್ರಜ್ಞರು ಮುಂದೆ ಅಮೆರಿಕದ ಉಪಾಧ್ಯಕ್ಷರಾದ ಡಿಕ್ ಚೇನಿ ಮತ್ತಿತರರ ಜೊತೆ ಊಟಕ್ಕೆ ಕೂತಿದ್ದಾಗ ಅದನ್ನು ಗೀಚಿದರು ಅಂತ ಕತೆ. ಕತೆಯನ್ನು ಜಗತ್ತಿಗೆ ಹೇಳಿದವರು ಅದೇ ಟೇಬಲ್ಲಿನಲ್ಲಿದ್ದ ಪತ್ರಕರ್ತ ಜೂಡ್ ವಾನಿಸ್ಕಿ. ಲ್ಯಾಫರ್ ಅವರಿಗೆ ಮಾತ್ರ ಅದು ನೆನಪಿಲ್ಲವಂತೆ. ಆ ಹೋಟೆಲಿನಲ್ಲಿ ಕೊಡುತ್ತಿದ್ದದ್ದು ಬಟ್ಟೆಯ ನ್ಯಾಪ್ಕಿನ್, ಒಳ್ಳೆಯ ವಸ್ತುಗಳನ್ನು ಹಾಳು ಮಾಡಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದರು ಎಂದು ಅವರೇ ಬರೆದುಕೊಂಡಿದ್ದಾರೆ. ಅಮ್ಮ ನ್ಯಾಪ್ಕಿನ್ ಬಗ್ಗೆ ಹೇಳಿಕೊಟ್ಟರು. ಖಜಾನೆಯ ಬಗ್ಗೆ ಏನೂ ಹೇಳಿಕೊಟ್ಟ ಹಾಗಿಲ್ಲ.

ಗೆರೆಯ ಅರ್ಥ ಸುಲಭ. ತೆರಿಗೆ ದರ ಸೊನ್ನೆಯಾದರೆ ಸರ್ಕಾರಕ್ಕೆ ಸಿಗುವುದು ಸೊನ್ನೆ. ದರ ನೂರಕ್ಕೆ ನೂರಾದರೆ ಯಾರೂ ದುಡಿಯುವುದಿಲ್ಲ, ದುಡಿದರೂ ತೋರಿಸುವುದಿಲ್ಲ. ಆಗಲೂ ಸೊನ್ನೆ. ಈ ಎರಡು ಸೊನ್ನೆಗಳ ನಡುವೆ ಎಲ್ಲೋ ಒಂದು ತುದಿ ಇದೆ, ಅಲ್ಲಿ ಆದಾಯ ಅತಿ ಹೆಚ್ಚು. ತುದಿಯ ಬಲಗಡೆ ಇದ್ದರೆ ದರ ಇಳಿಸಿದಾಗ ಆದಾಯ ಏರುತ್ತದೆ. ಎಡಗಡೆ ಇದ್ದರೆ ಇಳಿಯುತ್ತದೆ. ಇಷ್ಟರ ಬಗ್ಗೆ ಯಾರ ತಕರಾರೂ ಇಲ್ಲ.

ಆ ತುದಿ ಎಲ್ಲಿದೆ ಅನ್ನುವುದನ್ನು ಮಾತ್ರ ನ್ಯಾಪ್ಕಿನ್ ಹೇಳುವುದಿಲ್ಲ. 1981ರಲ್ಲಿ ಗಣಿತದ ಬರಹಗಾರ ಮಾರ್ಟಿನ್ ಗಾರ್ಡ್ನರ್ ಇದನ್ನು ಗೇಲಿ ಮಾಡಿ ತಮ್ಮದೇ ಒಂದು ಚಿತ್ರ ಬರೆದರು. ಎರಡು ಕೊನೆಗಳೂ ಲ್ಯಾಫರ್ ಹೇಳಿದ ಹಾಗೇ ಇದ್ದವು, ನಡುವೆ ಮಾತ್ರ ಗೆರೆ ಸುತ್ತಿ ಸುತ್ತಿ ಗಂಟು ಬಿದ್ದಿತ್ತು. ಆದರೆ ರಾಜಕಾರಣಿಗಳಿಗೆ ಇಂಥ ಗೊಂದಲ ಇಲ್ಲ. ಆ ತುದಿ ಯಾವಾಗಲೂ ಈಗಿನ ದರಕ್ಕಿಂತ ಸ್ವಲ್ಪ ಕೆಳಗಡೆಯೇ ಇರುತ್ತದೆ. ದರ ಇಳಿಸಿದ ಮೇಲೆ ಅದೂ ಒಂದು ಹೆಜ್ಜೆ ಕೆಳಕ್ಕೆ ಇಳಿದಿರುತ್ತದೆ.

ಇದನ್ನು ನಂಬಿ ಕೆಟ್ಟವರಲ್ಲಿ ನನಗೆ ಬಹಳ ಪ್ರೀತಿ ಇರುವುದು ಕಾನ್ಸಸ್ ರಾಜ್ಯದ ಮೇಲೆ. ಅಮೆರಿಕದ ನಟ್ಟನಡುವೆ ಇರುವ ಗೋಧಿ ಬೆಳೆಯುವ ನಾಡು ಅದು. 2012ರಲ್ಲಿ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಒಂದು ತೆರಿಗೆ ಕಾನೂನಿಗೆ ಸಹಿ ಹಾಕಿದರು. ಇದು ರಾಜ್ಯದ ಆರ್ಥಿಕತೆಯ ಎದೆಗೇ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಅಂದರು. ಜೀವಂತ ಪ್ರಯೋಗ ಅಂತಲೂ ಅಂದರು. ಪ್ರಯೋಗ ಯಾರ ಮೇಲೆ ಅಂತ ಜನ ಆಗ ಕೇಳಲಿಲ್ಲ. ಸಲಹೆಗಾರರು ಸ್ವತಃ ಲ್ಯಾಫರ್, ಸಂಭಾವನೆ 75 ಸಾವಿರ ಡಾಲರ್. ಇಡೀ ವ್ಯವಹಾರದಲ್ಲಿ ಲಾಭ ಎಷ್ಟು ಅಂತ ಗ್ಯಾರಂಟಿಯಾಗಿ ಹೇಳಬಹುದಾದ ಮೊತ್ತ ಅದೊಂದೇ.

ಕಾನೂನಿನಲ್ಲಿ ಎರಡು ಮುಖ್ಯ ಭಾಗ ಇದ್ದವು. ಒಂದು, ರಾಜ್ಯದ ಆದಾಯ ತೆರಿಗೆಯ ಮೇಲಿನ ದರ ಶೇ. 6.45ರಿಂದ 4.9ಕ್ಕೆ ಇಳಿಯಿತು. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಹೈಸ್ಕೂಲ್ ಲೆಕ್ಕ ಸಾಕು. ಮೊದಲು 6.45ರ ದರದಲ್ಲಿ ಬರುತ್ತಿದ್ದಷ್ಟೇ ಹಣ 4.9ರ ದರದಲ್ಲೂ ಬರಬೇಕಾದರೆ, ತೆರಿಗೆ ಬೀಳುವ ಆದಾಯ ಶೇ. 31ಕ್ಕಿಂತ ಜಾಸ್ತಿ ಬೆಳೆಯಬೇಕು. ಮಾಮೂಲಿ ಬೆಳವಣಿಗೆ ಬೇರೆ, ಇದು ಅದರ ಮೇಲೆ.

ಸರಿ, ಜನ ಅಷ್ಟು ಹೆಚ್ಚು ದುಡಿಯಲು ಅವರಿಗೆ ಸಿಕ್ಕ ಆಮಿಷ ಎಷ್ಟು? ರಾಜ್ಯದ ತೆರಿಗೆಯೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ, ನೂರು ಡಾಲರ್ ದುಡಿದವನ ಕೈಯಲ್ಲಿ ಮೊದಲು 93 ಡಾಲರ್ 55 ಸೆಂಟ್ಸ್ ಉಳಿಯುತ್ತಿತ್ತು. ಈಗ 95 ಡಾಲರ್ 10 ಸೆಂಟ್ಸ್. ಅಂದರೆ ಒಂದೂವರೆ ಡಾಲರ್ ಚಿಲ್ಲರೆ ಜಾಸ್ತಿ. ಕೇಂದ್ರದ ತೆರಿಗೆಯನ್ನು ಈ ಕಾನೂನು ಮುಟ್ಟಲಿಲ್ಲ. ಈ ಒಂದೂವರೆ ಡಾಲರಿಗಾಗಿ ಕಾನ್ಸಸ್ಸಿನ ಪ್ರಜೆ ಮೂರನೇ ಒಂದು ಪಾಲಿನಷ್ಟು ಹೆಚ್ಚು ದುಡಿದು ತರಬೇಕಿತ್ತು. ವಾರಕ್ಕೆ ಐದು ದಿನ ಕೆಲಸ ಮಾಡುವವನು ಶನಿವಾರವೂ ಹೋಗಿ, ಭಾನುವಾರ ಮಧ್ಯಾಹ್ನದವರೆಗೂ ಕೂತರೆ ಹೆಚ್ಚೂಕಡಿಮೆ ಆಗುತ್ತದೆ. ಚರ್ಚಿಗೆ ಸಂಜೆ ಹೋಗಬಹುದು.

ಇದಕ್ಕೆ ತದ್ವಿರುದ್ಧ ಉದಾಹರಣೆ ನಮ್ಮಲ್ಲೇ ಇದೆ. 1970ರ ದಶಕದ ಮೊದಲಲ್ಲಿ ಭಾರತದಲ್ಲಿ ಆದಾಯ ತೆರಿಗೆಯ ಅತಿ ಮೇಲಿನ ದರ, ಸರ್ಚಾರ್ಜ್ ಸೇರಿಸಿ, ಶೇ. 97.75 ಇತ್ತು. ಆ ಹಂತ ಮುಟ್ಟಿದ ಮೇಲೆ ಗಳಿಸಿದ ಪ್ರತಿ ನೂರು ರೂಪಾಯಿಯಲ್ಲಿ ಗಳಿಸಿದವನಿಗೆ ಎರಡೂಕಾಲು ರೂಪಾಯಿ. ಆ ಎರಡೂಕಾಲು ರೂಪಾಯಿಗಾಗಿ ಲೆಕ್ಕ ತೋರಿಸುವವನು ಸಂತನೇ ಇರಬೇಕು, ಇಲ್ಲವೇ ಅವನ ಆಡಿಟರ್ ರಜೆಯಲ್ಲಿರಬೇಕು. ಕಪ್ಪುಹಣ ಹೆಚ್ಚಲು ಇಂಥ ದರಗಳೂ ಕಾರಣ ಅಂತ ಸರ್ಕಾರವೇ ನೇಮಿಸಿದ್ದ ವಾಂಚೂ ಸಮಿತಿ ಹೇಳಿತು. 1974ರ ಬಜೆಟ್ಟಿನಲ್ಲಿ ದರವನ್ನು 77ಕ್ಕೆ ಇಳಿಸಿದರು. ಕೈಯಲ್ಲಿ ಉಳಿಯುವುದು ಎರಡೂಕಾಲರಿಂದ ಒಂದೇ ಏಟಿಗೆ 23 ರೂಪಾಯಿಗೆ ಏರಿತು, ಹತ್ತು ಪಟ್ಟು. ಲ್ಯಾಫರ್ ಗೆರೆಯ ಬಲಗಡೆಯ ಇಳಿಜಾರು ಅಂದರೆ ಇಂಥ ಜಾಗ. ದರ ಇಳಿಸಿದರೆ ಜನರ ನಡತೆ ಬದಲಾದೀತು ಅಂತ ಇಲ್ಲಿ ನಂಬಬಹುದು. 93.55ನ್ನು 95.10 ಮಾಡಿ ಅದೇ ಪವಾಡ ಕಾಯುವುದು ಅಂಗೈಯಲ್ಲಿ ಅರಮನೆ ತೋರಿಸಿದ ಹಾಗೆ.

ಇದು ಬಿಡಿ, ಹೆಚ್ಚೆಂದರೆ ಅತಿಯಾಸೆ. ಕಾನ್ಸಸ್ಸಿನ ನಿಜವಾದ ಪ್ರತಿಭೆ ಇದ್ದದ್ದು ಕಾನೂನಿನ ಎರಡನೇ ಭಾಗದಲ್ಲಿ. ಎಲ್‌ಎಲ್‌ಸಿ ಎಂಬ ಸೀಮಿತ ಹೊಣೆಯ ಕಂಪನಿ, ಪಾಲುದಾರಿಕೆ, ಒಬ್ಬನೇ ನಡೆಸುವ ವ್ಯಾಪಾರ, ಹೀಗೆ ಮಾಲೀಕನ ಹೆಸರಿನಲ್ಲೇ ತೆರಿಗೆ ಕಟ್ಟುವ ಸಂಸ್ಥೆಗಳ ಲಾಭಕ್ಕೆ ರಾಜ್ಯದ ಆದಾಯ ತೆರಿಗೆಯೇ ಬೇಡ ಅಂದುಬಿಟ್ಟರು. ದರ ಎಷ್ಟು? ಸೊನ್ನೆ.

ಲ್ಯಾಫರ್ ಗೆರೆಯ ಮೇಲೆ ಯಾರಿಗೂ ಅನುಮಾನ ಇಲ್ಲದ ಜಾಗ ಎರಡೇ ಎರಡು, ಎರಡು ಕೊನೆಗಳು. ನಡುವಿನ ನೂರಾರು ದರಗಳಲ್ಲಿ ಯಾವುದು ಎಷ್ಟು ತರುತ್ತದೆ ಅಂತ ಪಂಡಿತರು ಜಗಳವಾಡುತ್ತಾರೆ. ಸೊನ್ನೆ ದರಕ್ಕೆ ಎಷ್ಟು ಬರುತ್ತದೆ ಅನ್ನುವುದಕ್ಕೆ ಮಾತ್ರ ಉತ್ತರ ನ್ಯಾಪ್ಕಿನ್ ಮೇಲೇ ಇದೆ. ಗೆರೆ ಎಳೆದವರನ್ನೇ ಕರೆಸಿ, ದುಡ್ಡು ಕೊಟ್ಟು, ಅವರೇ ಗುರುತು ಮಾಡಿದ್ದ ಸೊನ್ನೆಯ ಮೇಲೆ ಹೋಗಿ ಕೂತ ಸರ್ಕಾರ ಇನ್ನೊಂದು ಇರಲಿಕ್ಕಿಲ್ಲ. ವ್ಯಾಪಾರ ಎರಡು ಪಟ್ಟಾಗಲಿ, ಹತ್ತು ಪಟ್ಟಾಗಲಿ, ಸೊನ್ನೆಯಿಂದ ಗುಣಿಸಿದರೆ ಬರುವುದು ಅದೇ. ಹೊಸ ವ್ಯಾಪಾರಗಳು ಹುಟ್ಟಿ, ಕೆಲಸ ಕೊಟ್ಟು, ಆ ಕೆಲಸಗಾರರ ಸಂಬಳದ ತೆರಿಗೆಯಿಂದ ಖಜಾನೆ ತುಂಬುತ್ತದೆ ಅನ್ನುವುದು ಇದರ ಹಿಂದಿದ್ದ ಆಸೆ.

ಜನ ಏನು ಮಾಡಿದರು ನೋಡಿ. ವಿಚಿಟಾ ಪಟ್ಟಣದಲ್ಲಿ ಒಬ್ಬ ವಕೀಲ ಇದ್ದಾನೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಮೂರು ಲಕ್ಷ ಡಾಲರ್ ಸಂಬಳ, ಹಳೆಯ ದರದಲ್ಲಿ ರಾಜ್ಯಕ್ಕೆ ಸುಮಾರು 18 ಸಾವಿರ ಡಾಲರ್ ಕಟ್ಟುತ್ತಿದ್ದ. ಈಗ ಅವನು ಒಂದು ಎಲ್‌ಎಲ್‌ಸಿ ನೋಂದಾಯಿಸುತ್ತಾನೆ. ಅದೇ ಕುರ್ಚಿ, ಅದೇ ಕಕ್ಷಿದಾರರು, ಅದೇ ಕಾಫಿ ಲೋಟ. ನಿನ್ನೆಯವರೆಗೆ ಸಂಬಳ ಅನ್ನಿಸಿಕೊಂಡದ್ದು ಇವತ್ತಿನಿಂದ ವ್ಯಾಪಾರದ ಲಾಭ. ತೆರಿಗೆ ಇಲ್ಲ. ಹೊರಗಡೆ ಟೈಪ್ ಮಾಡುತ್ತ ಕೂತ ಅವನ ಗುಮಾಸ್ತೆ ಮಾತ್ರ ತನ್ನ ಸಂಬಳಕ್ಕೆ ಪೂರ್ತಿ ತೆರಿಗೆ ಕಟ್ಟುತ್ತಾಳೆ, ಯಾಕೆಂದರೆ ಅವಳು ಆರ್ಥಿಕತೆಯ ಎಂಜಿನ್ ಅಲ್ಲ. ರಾಜ್ಯದ ಒಂದು ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಕೋಚ್ ಪಡೆಯುವ ಹಣದ ದೊಡ್ಡ ಪಾಲು ಹೀಗೇ ಎಲ್‌ಎಲ್‌ಸಿಗೆ ಹೋಗುತ್ತದೆ ಅನ್ನುವುದೂ ಮುಂದೆ ಪತ್ರಿಕೆಗಳಲ್ಲಿ ಬಂತು. ಇದರಲ್ಲಿ ಕಾನೂನು ಮುರಿದದ್ದು ಏನೂ ಇಲ್ಲ. ಕಾನೂನೇ ಹಾಗಿತ್ತು.

ಈ ವಿನಾಯಿತಿ 1,91,000 ಮಂದಿಗೆ ಸಿಗಬಹುದು ಅಂತ ಸರ್ಕಾರದ ಅಂದಾಜು. ಬಂದವರು ಸುಮಾರು 3,30,000. ಅಂಕಿ ನೋಡಿದರೆ ಉದ್ಯಮಶೀಲತೆ ಉಕ್ಕಿ ಹರಿದಿದೆ ಅನ್ನಿಸುತ್ತದೆ, ಅಲ್ವಾ? ಆಮೇಲೆ ತೆರಿಗೆ ದಾಖಲೆಗಳನ್ನು ಹಿಡಿದು ನೋಡಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದು ಬಹುಪಾಲು ಹೆಸರು ಬದಲಾವಣೆ, ಹೊಸ ದುಡಿಮೆ ಅಲ್ಲ. ಉದ್ಯೋಗದ ಬೆಳವಣಿಗೆಯಲ್ಲಿ ಕಾನ್ಸಸ್ ಪಕ್ಕದ ನೆಬ್ರಾಸ್ಕಾಗಿಂತ ಹಿಂದೆ ಬಿತ್ತು. ನೆಬ್ರಾಸ್ಕಾಗೆ ಯಾರೂ ಇಂಜೆಕ್ಷನ್ ಕೊಟ್ಟಿರಲಿಲ್ಲ.

ಒಂದೇ ವರ್ಷದಲ್ಲಿ ರಾಜ್ಯದ ಆದಾಯ ಸುಮಾರು 70 ಕೋಟಿ ಡಾಲರ್ ಕುಸಿಯಿತು. ಕೂಡಿಟ್ಟ ಗಂಟು ಕರಗಿತು. 2014ರಲ್ಲಿ ಮೂಡೀಸ್ ಮತ್ತು ಎಸ್ ಆ್ಯಂಡ್ ಪಿ ಎರಡೂ ರಾಜ್ಯದ ಸಾಲದ ರೇಟಿಂಗ್ ಇಳಿಸಿದವು. ರಸ್ತೆಗೆ ಅಂತ ಇಟ್ಟಿದ್ದ ಹಣವನ್ನು ಮತ್ತೆ ಮತ್ತೆ ಎತ್ತಿಕೊಂಡದ್ದಕ್ಕೆ ಜನ ಸಾರಿಗೆ ಇಲಾಖೆಗೆ ಬ್ಯಾಂಕ್ ಅಂತಲೇ ಅಡ್ಡಹೆಸರು ಇಟ್ಟರು. 2015ರಲ್ಲಿ ಕೆಲವು ಕಡೆ ದುಡ್ಡಿಲ್ಲದೆ ಶಾಲೆಗಳಿಗೆ ಬೇಸಿಗೆ ರಜೆಯನ್ನು ಮುಂಚೆಯೇ ಕೊಟ್ಟುಬಿಟ್ಟರು. ಪ್ರಯೋಗದಿಂದ ಖುಷಿಪಟ್ಟ ಎರಡನೇ ವರ್ಗ ಮಕ್ಕಳೇ ಇರಬೇಕು.

ಅದೇ ವರ್ಷ ತೂತು ಮುಚ್ಚಲು ಸರ್ಕಾರ ಮಾರಾಟ ತೆರಿಗೆಯನ್ನು ಶೇ. 6.15ರಿಂದ 6.5ಕ್ಕೆ ಏರಿಸಿತು. ಕಾನ್ಸಸ್ಸಿನಲ್ಲಿ ಆಗ ಹಾಲು, ಬ್ರೆಡ್ಡು, ಮೊಟ್ಟೆಗೂ ಈ ತೆರಿಗೆ ಪೂರ್ತಿ ಬೀಳುತ್ತಿತ್ತು. ಸಿಗರೇಟಿಗೂ ತೆರಿಗೆ ಏರಿತು. ಇಲ್ಲಿ ನನಗೊಂದು ಸಣ್ಣ ಕುತೂಹಲ. ದರ ಇಳಿಸಿದರೆ ಆದಾಯ ಏರುತ್ತದೆ ಅನ್ನುವುದಾದರೆ, ಹಣ ಸಾಲದೇ ಬಂದಾಗ ಬ್ರೆಡ್ಡಿನ ತೆರಿಗೆಯನ್ನು ಇನ್ನೂ ಇಳಿಸಬೇಕಿತ್ತು ತಾನೇ? ಬ್ರೆಡ್ಡಿನ ವಿಷಯಕ್ಕೆ ಬಂದ ಕೂಡಲೇ ಎಲ್ಲರಿಗೂ ಗೆರೆಯ ಎಡಗಡೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಚೆನ್ನಾಗಿ ನೆನಪಾಯಿತು.

ಸಮರ್ಥಿಸುವವರ ಬಳಿ ಕಾರಣಗಳಿಗೆ ಬರ ಇರಲಿಲ್ಲ. ಗೋಧಿ ಬೆಲೆ ಬಿತ್ತು, ತೈಲದ ಬೆಲೆ ಬಿತ್ತು. ಕೇಂದ್ರದ ತೆರಿಗೆ ಏರುತ್ತದೆ ಅಂತ ಜನ ಆಸ್ತಿಯ ಲಾಭವನ್ನು 2012ರಲ್ಲೇ ತೋರಿಸಿಬಿಟ್ಟರು, ಅದಕ್ಕೇ ಮರುವರ್ಷಗಳು ಸೊರಗಿದವು. ಇವುಗಳಲ್ಲಿ ಸ್ವಲ್ಪ ನಿಜವೂ ಇದೆ, ಕೊನೆಯದರಲ್ಲಿ ಹೆಚ್ಚು. ಆದರೆ ಅವರಿಗೆ ತುಂಬಾ ಇಷ್ಟವಾದ ಕಾರಣ ಬೇರೆ: ಸರ್ಕಾರ ಖರ್ಚನ್ನು ಸಾಕಷ್ಟು ಕಡಿತ ಮಾಡಲಿಲ್ಲ ಅನ್ನುವುದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತೆರಿಗೆ ಕಡಿತ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತದೆ ಅಂತ ಹೇಳಿದ ಮೇಲೆ, ಖರ್ಚು ಕಡಿತ ಯಾಕೆ ಬೇಕಾಯಿತು?

2012ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದವರು ಅಮೆರಿಕದ ಹೆಸರಾಂತ ಅರ್ಥಶಾಸ್ತ್ರಜ್ಞರನ್ನು ಕೇಳಿದ್ದರು: ಈಗ ಕೇಂದ್ರದ ಆದಾಯ ತೆರಿಗೆ ದರ ಇಳಿಸಿದರೆ, ಇಳಿಸದೇ ಇದ್ದಾಗ ಬರುವುದಕ್ಕಿಂತ ಹೆಚ್ಚು ಆದಾಯ ಐದು ವರ್ಷದೊಳಗೆ ಬರುತ್ತದೆಯೇ? ಅವರಲ್ಲಿ ಎಡಪಂಥ, ಬಲಪಂಥ ಎರಡೂ ಕಡೆಯವರಿದ್ದರು. ಹೌದು ಅಂದವರು ಒಬ್ಬರೂ ಇಲ್ಲ. ಅಲ್ಲೂ ಸೊನ್ನೆ.

2017ರ ಜೂನ್‌ನಲ್ಲಿ ಕಾನ್ಸಸ್ ಶಾಸನಸಭೆ ಇಡೀ ಪ್ರಯೋಗವನ್ನು ಎತ್ತಿ ಹೊರಗೆ ಹಾಕಿತು. ದರಗಳನ್ನು ಏರಿಸಿತು, ಎಲ್‌ಎಲ್‌ಸಿ ವಿನಾಯಿತಿ ತೆಗೆಯಿತು. ಗವರ್ನರ್ ವೀಟೊ ಹಾಕಿದರೂ ಕೇಳಲಿಲ್ಲ. ಎರಡೂ ಸದನಗಳಲ್ಲಿ ಬಹುಮತ ಇದ್ದದ್ದು ಅವರದೇ ರಿಪಬ್ಲಿಕನ್ ಪಕ್ಷಕ್ಕೆ. ಎರಡು ವರ್ಷಗಳ ನಂತರ ಅಧ್ಯಕ್ಷ ಟ್ರಂಪ್ ಲ್ಯಾಫರ್ ಅವರಿಗೆ ಅಮೆರಿಕದ ಅತಿ ದೊಡ್ಡ ನಾಗರಿಕ ಗೌರವವಾದ ಪದಕ ತೊಡಿಸಿದರು. ಬ್ರೌನ್‌ಬ್ಯಾಕ್ ಅವರು 2018ರಲ್ಲಿ ಅವಧಿ ಮುಗಿಯುವ ಮೊದಲೇ ಗವರ್ನರ್ ಕುರ್ಚಿ ಬಿಟ್ಟು, ಜಗತ್ತಿನ ಧಾರ್ಮಿಕ ಸ್ವಾತಂತ್ರ್ಯಕ್ಕೆ ಅಮೆರಿಕದ ರಾಯಭಾರಿಯಾಗಿ ಹೋದರು. ಕೇಂದ್ರ ಸರ್ಕಾರದ ಹುದ್ದೆ ಅದು. ಸಂಬಳ ಬರುವುದು ಜನ ಕಟ್ಟುವ ಆದಾಯ ತೆರಿಗೆಯಿಂದ, ಅಲ್ಲಿ ಯಾರೂ ಇನ್ನೂ ಸೊನ್ನೆಗೆ ಇಳಿಸಿಲ್ಲ.