ನಮ್ಮ ಬೀದಿಯ ಚರಂಡಿಯಲ್ಲಿ ಬಿಟ್ಟಿ ಸವಾರ ಯಾರು?

ನಾನು ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ತಂಗಿ ಹಾಸನದಲ್ಲೇ ಇದ್ದಾಳೆ, ನಾವು ಆಡಿ ಬೆಳೆದ ಅದೇ ಬೀದಿಯಲ್ಲಿ. ಅವಳ ಮಗಳು ಈ ವರ್ಷ ಬಿ.ಎ. ಸೇರಿದಳು. ಹೋದ ವಾರ ಫೋನ್ ಮಾಡಿ, "ಮಾವ, ಎಕನಾಮಿಕ್ಸ್ ಅಸೈನ್‌ಮೆಂಟ್ ಇದೆ. ನಮ್ಮ ಬೀದಿ ಚರಂಡಿ ಇಟ್ಕೊಂಡೇ ಬರೆದಿದೀನಿ, ಒಂದ್ಸಲ ನೋಡ್ತೀರಾ?" ಅಂದಳು.

ಬರಹ ಚೆನ್ನಾಗಿತ್ತು. ಒಂದೇ ಒಂದು ಕಡೆ ಎಡವಿದ್ದಳು. ಚರಂಡಿಗೆ ಕಸದ ಕವರ್ ಎಸೆಯುವವರು, ಹೂಳೆತ್ತಿಸಲು ದುಡ್ಡು ಕೊಡದವರು, ಮನೆ ಮುಂದೆ ಚಪ್ಪಡಿ ಹಾಕಿ ಚರಂಡಿ ಮುಚ್ಚಿದವರು, ಎಲ್ಲರನ್ನೂ 'ಬಿಟ್ಟಿ ಸವಾರರು', ಅಂದರೆ ತಾವು ಕೊಡದೆ ಬೇರೆಯವರ ಖರ್ಚಿನಲ್ಲಿ ಸುಖ ಪಡೆಯುವವರು, ಎಂದು ಕರೆದಿದ್ದಳು. ಬೀದಿಯ ಜಗಳದಲ್ಲಿ ನಾವೂ ಹಾಗೇ ಎಲ್ಲರನ್ನೂ ಸೇರಿಸಿ ಬೈಯುತ್ತೇವೆ. ಆದರೆ ಇವರಲ್ಲಿ ಬಿಟ್ಟಿ ಸವಾರ ಒಬ್ಬನೇ.

ಮೊದಲು ಚರಂಡಿಯನ್ನೇ ನೋಡೋಣ. ಹೂಳೆತ್ತಿದ ಚರಂಡಿ ಸಾರ್ವಜನಿಕ ಸರಕು. ಯಾಕೆಂದರೆ ನೀರು ಸರಾಗ ಹರಿದರೆ ಅದರ ಸುಖ ದುಡ್ಡು ಕೊಟ್ಟ ಮನೆಗೂ ಸಿಗುತ್ತದೆ, ಕೊಡದ ಮನೆಗೂ ಸಿಗುತ್ತದೆ. ಕೊಡದವರ ಮನೆ ಮುಂದೆ ಮಾತ್ರ ನೀರು ನಿಲ್ಲಲಿ ಎಂದು ಯಾರೂ ಮಾಡಲಾರರು. ಒಬ್ಬರಿಗೆ ಸೊಳ್ಳೆ ಕಡಿಮೆಯಾಯಿತು ಎಂದು ಪಕ್ಕದವರ ಪಾಲು ಕರಗುವುದೂ ಇಲ್ಲ. ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮುಯೆಲ್ಸನ್ 1954ರಲ್ಲಿ ಇದರ ಲೆಕ್ಕ ಹಾಕುವ ದಾರಿ ತೋರಿಸಿದರು. ಮಾಮೂಲಿ ಸರಕಿನಲ್ಲಿ ಯಾರು ಎಷ್ಟು ಕೊಂಡರು ಎಂದು ಕೂಡಿಸುತ್ತೇವೆ. ಇಲ್ಲಿ ಒಂದೇ ಚರಂಡಿಯಿಂದ ಒಬ್ಬೊಬ್ಬರಿಗೂ ಎಷ್ಟು ಲಾಭ ಎಂದು ಕೂಡಿಸಿ, ಆ ಮೊತ್ತವನ್ನು ಖರ್ಚಿನ ಪಕ್ಕ ಇಡಬೇಕು.

ಬೀದಿಯಲ್ಲಿ ಇಪ್ಪತ್ತು ಮನೆ ಎಂದುಕೊಳ್ಳಿ. ಮುಂಗಾರಿಗೆ ಮುಂಚೆ ಹೂಳೆತ್ತಿಸಲು 6000 ರೂಪಾಯಿ ಬೇಕು. ಸುಲಭಕ್ಕೆ, ಪ್ರತಿ ಮನೆಗೂ ಅದರಿಂದ 500 ರೂಪಾಯಿಯಷ್ಟು ಅನುಕೂಲ ಎಂದು ಹಿಡಿಯೋಣ. ಒಟ್ಟು ಅನುಕೂಲ 10,000. ಖರ್ಚಿಗಿಂತ ಜಾಸ್ತಿ. ಮನೆಗೆ 300 ಹಾಕಿದರೆ ಕೆಲಸ ಮುಗಿಯಿತು, ಪ್ರತಿಯೊಬ್ಬರಿಗೂ 200 ಉಳಿತಾಯ. ಆದರೂ ಚಂದಾ ಎತ್ತಲು ಹೋದವರು ಬರಿಗೈಲಿ ಬರುತ್ತಾರೆ, ಅಲ್ವಾ?

ಕಾರಣ ಜನರ ಕೆಟ್ಟತನ ಎಂದು ತಂಗಿಯ ಮಗಳು ಬರೆದಿದ್ದಳು. ನನಗೆ ಹಾಗನಿಸುವುದಿಲ್ಲ. ಒಂದು ಮನೆಯ 300 ರೂಪಾಯಿ ಏನು ಮಾಡುತ್ತದೆ ನೋಡಿ. ಚರಂಡಿಯ ಇಪ್ಪತ್ತನೇ ಒಂದು ಭಾಗ ಸ್ವಚ್ಛವಾಗುತ್ತದೆ. ಅದರಿಂದ ಬೀದಿಗೆ ಒಟ್ಟು 10,000ದ ಇಪ್ಪತ್ತನೇ ಒಂದು ಭಾಗ, ಅಂದರೆ 500 ರೂಪಾಯಿಯ ಲಾಭ. ಅದು ಇಪ್ಪತ್ತು ಮನೆಗೆ ಹಂಚಿಹೋಗುತ್ತದೆ. ಕೊಟ್ಟವರ ಮನೆಗೆ ವಾಪಸ್ ಬರುವುದು 25 ರೂಪಾಯಿ. 300 ಕೊಟ್ಟು 25 ಪಡೆಯಲು ಹಿಂದೆಮುಂದೆ ನೋಡುವವರನ್ನು ಕೆಟ್ಟವರು ಎನ್ನಲಾಗದು. ಉಳಿದವರು ಕೊಟ್ಟೇ ಕೊಡುತ್ತಾರೆ ಎಂದು ಸುಮ್ನೆ ಕೂರುವವರೇ ಬಿಟ್ಟಿ ಸವಾರರು. ಎಲ್ಲರೂ ಹಾಗೇ ಕೂತರೆ ಜೂನ್‌ನಲ್ಲಿ ನೀರು ಅಂಗಳಕ್ಕೆ ಬರುತ್ತದೆ.

ಈಗ ಬೀದಿಯ ಕೆಳತುದಿಗೆ ಬನ್ನಿ. ಅಲ್ಲೊಂದು ಮನೆಯವರು ಕಾರು ಹತ್ತಿಸಲು ಚರಂಡಿ ಮೇಲೆ ಕಾಂಕ್ರೀಟ್ ಸುರಿದಿದ್ದಾರೆ. ಎತ್ತಿ ತೆಗೆಯುವಂಥ ಕಬ್ಬಿಣದ ಜಾಲರಿ ಹಾಕಿದ್ದರೆ 2000 ರೂಪಾಯಿ ಜಾಸ್ತಿ ಆಗುತ್ತಿತ್ತು ಎನ್ನೋಣ. ಈಗ ಅದರ ಕೆಳಗೆ ಗುದ್ದಲಿ ಹೋಗುವುದಿಲ್ಲ. ಹೂಳು ಅಲ್ಲೇ ಕಟ್ಟುತ್ತದೆ, ನೀರು ಹಿಂದಕ್ಕೆ ಒತ್ತುತ್ತದೆ. ಅದಕ್ಕೆ ತಾಗಿ ಮೇಲಕ್ಕಿರುವ ಹನ್ನೆರಡು ಮನೆಗೆ ತಲಾ 400ರಂತೆ 4800 ರೂಪಾಯಿ ನಷ್ಟ. ಇವರು ತಮ್ಮ ಪಾಲಿನ 300 ಕೊಟ್ಟಿರಲೂಬಹುದು. ಆಗ ಇವರು ಬಿಟ್ಟಿ ಸವಾರರಲ್ಲ. ಇವರು ಉಳಿಸಿದ 2000ದ ಬೆಲೆಯನ್ನು ಬೇರೆಯವರು ಕಟ್ಟುತ್ತಿದ್ದಾರೆ. ಇದು ಬಾಹ್ಯತೆ. ಕವರ್ ಎಸೆಯುವವರೂ ಇದೇ ಗುಂಪು.

ಗುರುತಿಸುವುದು ಸುಲಭ. ಆ ಮನೆಯವರು ಊರಲ್ಲೇ ಇಲ್ಲ ಎಂದುಕೊಳ್ಳಿ. ಮಿಕ್ಕವರ ಕಷ್ಟ ಕಡಿಮೆಯಾಗುತ್ತದೆಯೇ? ಕಾಂಕ್ರೀಟ್ ಸುರಿದವರು ಇಲ್ಲದಿದ್ದರೆ ಆಗುತ್ತದೆ. ಚಂದಾ ಕೊಡದವರು ಇಲ್ಲದಿದ್ದರೂ ಚರಂಡಿ ಹಾಗೇ ಇರುತ್ತದೆ.

ಬಾಹ್ಯತೆಗೆ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ಹೇಳಿದ ಮದ್ದು ತೆರಿಗೆ. ಬೇರೆಯವರಿಗೆ ಮಾಡಿದ ನಷ್ಟ ಮಾಡಿದವರ ಜೇಬಿಗೆ ತಟ್ಟಬೇಕು. ರೊನಾಲ್ಡ್ ಕೋಸ್ 1960ರಲ್ಲಿ ಬೇರೆ ದಾರಿ ಹೇಳಿದರು. ಹಕ್ಕು ಯಾರದೆಂದು ಗೊತ್ತಿದ್ದು, ಕೂತು ಮಾತಾಡಲು ಖರ್ಚಿಲ್ಲದಿದ್ದರೆ ಅವರವರೇ ಬಗೆಹರಿಸಿಕೊಳ್ಳಬಹುದು. ಹನ್ನೆರಡು ಮನೆಯವರು ಸೇರಿ 2000 ಕೊಟ್ಟು ಜಾಲರಿ ಹಾಕಿಸಿದರೂ ಅವರಿಗೆ ಲಾಭವೇ. ಆದರೆ ಆ 2000 ಎತ್ತುವವರು ಯಾರು? ಹನ್ನೆರಡು ಜನರಲ್ಲಿ ಮತ್ತೆ ಬಿಟ್ಟಿ ಸವಾರ ಹುಟ್ಟುತ್ತಾನೆ. ಅಕ್ಕಪಕ್ಕದ ಎರಡು ಮನೆಯ ಜಗಳ ಮಾತಿನಲ್ಲಿ ಮುಗಿಯುತ್ತದೆ, ಇಡೀ ಬೀದಿಯದು ಮುಗಿಯುವುದಿಲ್ಲ. ಅದು ಇದೇ ಕಾರಣಕ್ಕೆ.

ಇನ್ನು ಪುಣೆಯ ಮಾತು. ಇಲ್ಲಿ ಕಸ ಆಯುವವರದೇ ಒಂದು ಸಹಕಾರ ಸಂಸ್ಥೆಯಿದೆ, ಹೆಸರು ಸ್ವಚ್ಛ. ಅದರ ಸದಸ್ಯರು ಮನೆ ಬಾಗಿಲಿಗೆ ಬಂದು ಕಸ ಒಯ್ಯುತ್ತಾರೆ, ಮನೆಯವರು ತಿಂಗಳಿಗಿಷ್ಟು ಎಂದು ಕೊಡುತ್ತಾರೆ. ಆ ಕೆಲಸದ ಬಗ್ಗೆ ನನಗೆ ತುಂಬಾ ಗೌರವವಿದೆ. ಆದರೆ ಬಾಗಿಲಿಂದ ಕಸ ಒಯ್ಯುವುದು ಸಾರ್ವಜನಿಕ ಸರಕಲ್ಲ. ದುಡ್ಡು ಕೊಡದ ಮನೆಯ ಕಸ ಬಿಡಬಹುದು. ಬಿಟ್ಟರೆ ಆ ಕಸ ರಾತ್ರಿ ಮೂಲೆಗೆ ಬರುತ್ತದೆ. ಮೂಲೆಯ ಸ್ವಚ್ಛತೆ ಸಾರ್ವಜನಿಕ ಸರಕು. 'ನೈರ್ಮಲ್ಯ' ಎಂಬ ಒಂದೇ ಪದದಲ್ಲಿ ಇವೆರಡನ್ನೂ ಸೇರಿಸಿಬಿಟ್ಟರೆ ಲೆಕ್ಕ ತಪ್ಪುತ್ತದೆ.

ನಾವಿರುವ ಅಪಾರ್ಟ್‌ಮೆಂಟಿನ ದಾರಿ ಬೇರೆ. ಚರಂಡಿ, ಕಸ, ಗುಡಿಸುವುದು ಎಲ್ಲವೂ ತಿಂಗಳ ಮೇಂಟೆನೆನ್ಸ್ ಬಿಲ್ಲಿನಲ್ಲಿ ಬರುತ್ತದೆ. ತಡವಾದರೆ ಬಡ್ಡಿ. ಬಿಟ್ಟಿ ಸವಾರನಿಗೆ ಜಾಗವೇ ಇಲ್ಲ. ಗೇಟು ಹಾಕಿ ಹೊರಗಿನವರನ್ನು ತಡೆಯಬಹುದಾದ ಇಂಥದ್ದನ್ನು ಜೇಮ್ಸ್ ಬುಕಾನನ್ 1965ರಲ್ಲಿ ಕ್ಲಬ್ ಸರಕು ಎಂದು ವಿವರಿಸಿದರು. ಒಳಗೆ ಎಲ್ಲ ಲಕಲಕ. ಕಾಂಪೌಂಡಿನ ಆಚೆ ಹರಿಯುವ ನಾಲಾ ಮಾತ್ರ ಕಪ್ಪು. ನಮ್ಮ ಗುಡಿಸಿದ ಎಲೆ, ಮಣ್ಣು ಎಷ್ಟೋ ದಿನ ಅಲ್ಲಿಗೇ ಹೋಗಿ ಬೀಳುತ್ತದೆ. ನೋಡಿದಾಗೆಲ್ಲ ನಾಚಿಕೆಯಾಗುತ್ತದೆ.

ಊರಿಗೆ ಬಂದಾಗ ಎಲ್ಲರೂ, "ನಿಮ್ಮ ಪುಣೆ ಥರ ಮಾಡಬೇಕು ಇಲ್ಲೂ" ಎನ್ನುತ್ತಾರೆ. ಬಿಲ್ಲಿನ ಪದ್ಧತಿ ತನ್ನಿ, ಖಂಡಿತ. ಚಂದಾ ಎತ್ತುವುದಕ್ಕಿಂತ ಮನೆ ಕಂದಾಯದ ಜೊತೆ ಎಲ್ಲರಿಂದ ಪಡೆಯುವುದೇ ಗಟ್ಟಿ. ಗೇಟಿನ ಯೋಚನೆ ಮಾತ್ರ ಬೇಡ. ಹಾಸನಾಂಬೆ ಬಾಗಿಲು ತೆರೆದಾಗ ನೆಂಟರು ಬರುತ್ತಾರೆಂದು ಪ್ರತಿ ಮನೆಯವರೂ ಅಂಗಳ ತೊಳೆದು ಆ ನೀರು, ಕಸ ಎರಡನ್ನೂ ಚರಂಡಿಗೆ ತಳ್ಳುತ್ತೇವೆ. ಗೇಟಿಲ್ಲದೆಯೂ ನಮ್ಮದು ಅದೇ ಬುದ್ಧಿ. ಆದರೆ ಹಾಸನದ ಬೀದಿಯಲ್ಲಿ ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹೀಗೆ ಒಬ್ಬರ ಮೇಲೊಬ್ಬರ ಕಣ್ಣಿರುವ ಕಡೆ ಜನ ಕೆರೆ, ಕಾಲುವೆ, ಕಾಡನ್ನು ತಾವೇ ಕಾಪಾಡಿಕೊಂಡಿದ್ದನ್ನು ಎಲಿನಾರ್ ಆಸ್ಟ್ರಮ್ ತೋರಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಬಂತು.

ಇಷ್ಟೆಲ್ಲ ಹೇಳಿದ ಮೇಲೆ ಅವಳು ಒಂದು ಪ್ರಶ್ನೆ ಕೇಳಿದಳು. "ಮಾವ, ಬೀದಿಯ ಮೇಲ್ತುದಿಯ ಮನೆಯವರು ನಮ್ಮಲ್ಲಿ ನೀರೇ ನಿಲ್ಲಲ್ಲ, ನಾವ್ಯಾಕೆ 300 ಕೊಡಬೇಕು ಅಂತಾರೆ. ಅವರು ಬಿಟ್ಟಿ ಸವಾರರಾ?"

ಸರಿಯಾದ ಪ್ರಶ್ನೆ. ಎಲ್ಲರಿಗೂ 500 ಎಂದು ನಾವು ಸುಲಭಕ್ಕೆ ಹಿಡಿದಿದ್ದೆವು. ಇಳಿಜಾರಿನ ಬೀದಿಯಲ್ಲಿ ಹಾಗಿರುವುದಿಲ್ಲ. ಅವರಿಗೆ ನಿಜವಾಗಿ 100ರಷ್ಟೇ ಅನುಕೂಲವಿದ್ದರೆ 300 ಕೇಳುವುದು ತಪ್ಪು. ಅವರವರ ಅನುಕೂಲಕ್ಕೆ ತಕ್ಕಂತೆ ಪಾಲು ಹಾಕಿ ಎಂದು ಎರಿಕ್ ಲಿಂಡಾಲ್ 1919ರಲ್ಲೇ ಹೇಳಿದ್ದರು. ಆದರೆ ಹಾಗೆ ಮಾಡುತ್ತೇವೆ ಎಂದ ಕೂಡಲೇ ಎಲ್ಲರೂ ತಮ್ಮ ಅನುಕೂಲ ಕಡಿಮೆ ಎಂದೇ ಹೇಳುತ್ತಾರೆ. ಬಾಯಿಮಾತು ನಂಬುವಂತಿಲ್ಲ. ಅವರ ಸೊಳ್ಳೆ ಪರದೆ, ಅಂಗಳದ ಎತ್ತರ, ಮಳೆಯ ದಿನ ಅವರ ಗೇಟಿನ ಮುಂದಿನ ನೀರು, ಇವನ್ನು ನೋಡಬೇಕು. ಮುಂದಿನ ಮಳೆಗೆ ಅಳತೆ ಕಡ್ಡಿ ಹಿಡಿದು ಇಪ್ಪತ್ತು ಗೇಟಿನ ಮುಂದೆಯೂ ನೀರಿನ ಎತ್ತರ ಬರೆದುಕೊಳ್ಳುತ್ತೇನೆ ಎಂದಿದ್ದಾಳೆ.