ಜೀಪಿನ ಮುಂದಿನ ಸೀಟು

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರಾದರೂ ಯಾರನ್ನಾದರೂ ಜೀಪಿಗೆ ಹತ್ತಿಸಿಕೊಂಡರೆ ಅದಕ್ಕೆ ಅರ್ಥ ಹುಡುಕಲು ಹೋಗಬಾರದು. ಈ ಜಿಲ್ಲೆಗೆ ರೈಲು ಬಂದಿಲ್ಲ. ಒಳಊರುಗಳ ಬಸ್ಸು ತಪ್ಪಿದರೆ ಮುಂದಿನದು ಯಾವಾಗಲೋ. ಕಾವೇರಿ ಉಕ್ಕಿದ ದಿನ ಭಾಗಮಂಡಲ–ನಾಪೋಕ್ಲು ರಸ್ತೆ ನೀರಿನಡಿ ಹೋಗುತ್ತದೆ. ಮರ ಬಿದ್ದರೆ ಕತ್ತಿ ಹಿಡಿದವರು ಬರುವವರೆಗೆ ಕಾಯಬೇಕು. ಕತ್ತಲಾದ ಮೇಲೆ ತೋಟದ ಅಂಚಿನಲ್ಲಿ ಆನೆ ನಿಂತಿರಲೂಬಹುದು. ಇಷ್ಟೆಲ್ಲ ಇರುವಾಗ ಕೊಡೆ ಹಿಡಿದು ನಿಂತವರ ಪಕ್ಕದಲ್ಲಿ ಗಾಡಿ ನಿಲ್ಲಿಸದೆ ಹೋದವನ ಹೆಸರು ಮರುದಿನ ಬೆಳಿಗ್ಗೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಅಂದರೆ ನಿಲ್ಲಿಸುವುದು ಇಲ್ಲಿ ಮರ್ಯಾದೆಯ ಪ್ರಶ್ನೆಯೇ ಹೊರತು ಮನಸ್ಸಿನ ಪ್ರಶ್ನೆಯಲ್ಲ.

ಆದ್ದರಿಂದಲೇ ಒಬ್ಬ ಗಂಡಸು ಒಬ್ಬ ಹೆಂಗಸಿಗೆ ಮಾಡುವ ಇಂಥ ಸಹಾಯಗಳಲ್ಲಿ ಕರ್ತವ್ಯ ಎಷ್ಟು, ಕಾಳಜಿ ಎಷ್ಟು, ಒಲವು ಎಷ್ಟು ಎಂದು ಅಳೆಯುವವರು ಮೊದಲು ಮಳೆಯ ಪಾಲನ್ನೂ ರಸ್ತೆಯ ಪಾಲನ್ನೂ ಕಳೆದುಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆ ಕಳೆದ ಮೇಲೆ ಏನಾದರೂ ಉಳಿದರೆ ಅದನ್ನು ಓದಬಹುದು. ಹೆಚ್ಚಿನ ಪಾಲು ಏನೂ ಉಳಿಯುವುದಿಲ್ಲ. ಆದರೆ ಏನೂ ಉಳಿಯುವುದಿಲ್ಲ ಎಂದು ಒಪ್ಪಿಕೊಳ್ಳಲು ಯಾರಿಗೂ ಇಷ್ಟವಿರುವುದಿಲ್ಲ, ಅದರಲ್ಲೂ ಮೂರ್ನಾಡಿನ ಚಹಾದಂಗಡಿಯಲ್ಲಿ ಕುಳಿತು ಜೀಪಿನ ಮುಂದಿನ ಸೀಟನ್ನು ಗಮನಿಸುವವರಿಗೆ. ಒಂದೇ ಹುಡುಗಿ ಎರಡು ಸಂಜೆ ಒಂದೇ ಮುಂದಿನ ಸೀಟಿನಲ್ಲಿ ಕಂಡರೆ ಅವರು ಕಲ್ಯಾಣಮಂಟಪ ಬುಕ್ ಮಾಡುವ ಹಂತಕ್ಕೆ ಬಂದಿರುತ್ತಾರೆ. ಹಿಂದಿನ ಸೀಟಿನಲ್ಲಿ ಗೊಬ್ಬರದ ಮೂಟೆ ಇದ್ದದ್ದು ಅವರ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಮಡಿಕೇರಿಯ ಒಂದು ಕಚೇರಿಗೆ ಹೋಗಿ ಬರುತ್ತಾಳೆ. ನಾಪೋಕ್ಲಿನ ಈಚೆಗಿರುವ ನಮ್ಮೂರಿಗೂ ಮಡಿಕೇರಿಗೂ ಸುಮಾರು 20 ಕಿಲೋಮೀಟರ್. ಅದೇ ಕಟ್ಟಡದ ಇನ್ನೊಂದು ಕಚೇರಿಯಲ್ಲಿರುವ ಒಬ್ಬ ಯುವಕನ ಮನೆ ನಮ್ಮಿಂದ ಎರಡು ತಿರುವು ಆಚೆಗಿದೆ. ಅಪ್ಪನ ಕಾಲದ ಸಣ್ಣ ರೊಬಸ್ಟಾ ತೋಟವೂ, ಅಷ್ಟೇ ಹಳೆಯದೆಂದು ತೋರುವ ಡೀಸೆಲ್ ಜೀಪೂ ಅವನಿಗಿವೆ. ಬೆಳಿಗ್ಗೆ ಬಸ್ಸಿನಲ್ಲಿ ಹೋಗುವ ಅವಳು ಜುಲೈ ತಿಂಗಳಲ್ಲಿ ಒಂದು ಸಂಜೆ ಅವನ ಜೀಪಿನಲ್ಲಿ ಬಂದಳು, ಆಮೇಲೆ ಹಾಗೇ ಬರತೊಡಗಿದಳು. ಇದರ ಅರ್ಥವೇನು ಎಂದು ಅವಳು ನನ್ನನ್ನು ಕೇಳಿದ್ದು, ನಾನು ನಿವೃತ್ತ ಶಿಕ್ಷಕಿಯಾದ್ದರಿಂದ ಉತ್ತರಪತ್ರಿಕೆ ತಿದ್ದುವ ಅಭ್ಯಾಸವಿದೆ ಎಂಬ ನಂಬಿಕೆಯಿಂದ ಇರಬೇಕು.

ಅವಳು ನನ್ನ ಮುಂದಿಟ್ಟ ಸಾಕ್ಷ್ಯಗಳಲ್ಲಿ ಮೊದಲನೆಯದು ಸ್ಕೂಟರಿನದು. ಮನೆಯಿಂದ ಬಸ್ ನಿಲ್ದಾಣಕ್ಕೆ ಹೋಗಲು ಇಟ್ಟುಕೊಂಡಿದ್ದ ಆ ಸ್ಕೂಟರು ಆಗಸ್ಟಿನಲ್ಲಿ ಸ್ಟಾರ್ಟ್ ಆಗುವುದನ್ನೇ ನಿಲ್ಲಿಸಿತು. ಅವನು ಬಂದು, ಪ್ಲಗ್ಗಿನ ಕ್ಯಾಪಿನೊಳಗೆ ನೀರು ಸೇರಿರಬೇಕು ಎಂದು ಹೇಳಿ, ಸೀಟಿನಡಿಯಿಂದ ಪ್ಲಗ್ ಸ್ಪ್ಯಾನರ್ ತೆಗೆಸಿ, ತಾನು ಮುಟ್ಟದೆ ಅವಳ ಕೈಯಲ್ಲೇ ಎಲ್ಲವನ್ನೂ ಮಾಡಿಸಿದನಂತೆ: ಕ್ಯಾಪ್ ಎಳೆಯುವುದು, ಪ್ಲಗ್ ಬಿಚ್ಚುವುದು, ಒಣಬಟ್ಟೆಯಲ್ಲಿ ಒರೆಸುವುದು, ಕ್ಯಾಪಿನ ಒಳಗನ್ನು ಒಣಗಿಸುವುದು, ಮೊದಲು ಬರಿಗೈಯಿಂದ ತಿರುಗಿಸಿ ಕೂರಿಸಿ ಕೊನೆಗಷ್ಟೇ ಸ್ಪ್ಯಾನರ್ ಹಾಕಿ ಬಿಗಿ ಮಾಡುವುದು. ಸ್ಕೂಟರು ಹೊತ್ತಿಕೊಂಡಿತು, ಅವನು ಕಾಫಿಗೂ ನಿಲ್ಲದೆ ಹೋದನು. "ಕಲಿಸಿಬಿಟ್ಟರೆ ಮುಂದಿನ ಸಲ ಬರುವ ಅಗತ್ಯವೇ ಇರುವುದಿಲ್ಲವಲ್ಲ ಟೀಚರೇ," ಎಂದು ಅವಳು ಆಕ್ಷೇಪಣೆಯ ಧ್ವನಿಯಲ್ಲಿ ಹೇಳಿದಳು. ಅವಳ ತರ್ಕ ಬಲವಾದದ್ದೇ. ಒಲವಿನಿಂದ ರಿಪೇರಿ ಮಾಡುವವನು ಸಾಮಾನ್ಯವಾಗಿ ಸ್ಪ್ಯಾನರನ್ನು ತನ್ನ ಕೈಯಲ್ಲೇ ಇಟ್ಟುಕೊಳ್ಳುತ್ತಾನೆ, ಇನ್ನೊಂದು ಭಾನುವಾರ ಕಾರ್ಬೊರೇಟರನ್ನೂ ನೋಡಬೇಕಾದೀತು ಎಂದು ಗಂಭೀರವಾಗಿ ಹೇಳುತ್ತಾನೆ, ಕೆಲಸ ಮುಗಿದ ಮೇಲೂ ಅಂಗಳದಲ್ಲಿ ಸುತ್ತುತ್ತಾನೆ. ಕರ್ತವ್ಯಕ್ಕೆಂದು ಬಂದವನು ಕೆಲಸ ಮುಗಿದೊಡನೆ ಮುಗಿಯುತ್ತಾನೆ. ಕಲಿಸಿ ಹೋಗುವವನು ಇವರಿಬ್ಬರ ಸಾಲಿಗೂ ಸೇರುವುದಿಲ್ಲ. ತಾನಿಲ್ಲದಾಗ ಇವಳು ದಾರಿಯಲ್ಲಿ ನಿಲ್ಲಬಾರದು ಎಂದು ಒಂದು ಕ್ಷಣವಾದರೂ ಯೋಚಿಸಿರುತ್ತಾನೆ, ಅದನ್ನು ಕಾಳಜಿ ಎನ್ನಲು ನನಗೆ ಸಂಕೋಚವಿಲ್ಲ. ಆದರೆ ಕಾಳಜಿಯ ಹಿಂದೆ ಒಲವು ಇರಲಾರದು ಎಂದು ಇದರಿಂದ ಸಿದ್ಧವಾಗುವುದಿಲ್ಲ. ನಾಚಿಕೆಯ ಹುಡುಗರು ಕಲಿಸುವ ನೆಪದಲ್ಲಷ್ಟೇ ಎದುರು ನಿಲ್ಲಬಲ್ಲರು.

ಎರಡನೆಯದು ಇನ್ವರ್ಟರಿನ ಸಾಕ್ಷ್ಯ. ನಮ್ಮಲ್ಲಿ ಗಾಳಿಮಳೆಗೆ ಕರೆಂಟು ಹೋದರೆ ದಿನಗಟ್ಟಲೆ ಬರದಿರುವುದುಂಟು, ಅವಳ ಇನ್ವರ್ಟರ್ ಅರ್ಧ ಗಂಟೆಯಲ್ಲೇ ಕೈಕೊಡುತ್ತಿತ್ತು. ಜೀಪಿನಲ್ಲಿ ಬರುವಾಗ ಈ ಮಾತು ಬಂತು. ಮರುದಿನ ಅವನು ಬರಲಿಲ್ಲ, ಅವನು ಹೇಳಿ ಕಳಿಸಿದ ಎಲೆಕ್ಟ್ರಿಷಿಯನ್ ಹುಡುಗ ಬಂದು, ಬ್ಯಾಟರಿಯ ನೀರು ಗುರುತಿಗಿಂತ ಕೆಳಗಿಳಿದಿರುವುದನ್ನು ತೋರಿಸಿ, ಡಿಸ್ಟಿಲ್ಡ್ ವಾಟರ್ ತುಂಬಿ, ಟರ್ಮಿನಲ್ಲಿಗೆ ಹಿಡಿದಿದ್ದ ಬಿಳಿಯ ಪುಡಿಯನ್ನು ಕೆರೆದು ಹೋದನು. ನನಗೆ ಎಲ್ಲಕ್ಕಿಂತ ಹೆಚ್ಚು ತೂಕದ್ದೆನಿಸಿದ್ದು ಈ ಗೈರುಹಾಜರಿ. ಕರ್ತವ್ಯವನ್ನು ಇನ್ನೊಬ್ಬರ ಕೈಯಿಂದ ಮಾಡಿಸಬಹುದು. ಕಾಳಜಿಯನ್ನೂ ಮಾಡಿಸಬಹುದು, ಏಕೆಂದರೆ ಅದಕ್ಕೆ ಬೇಕಾಗಿರುವುದು ದೀಪ ಹೊತ್ತುವುದು ಮಾತ್ರ, ಹೊತ್ತಿಸಿದವರು ಯಾರಾದರೂ ಆಗಬಹುದು. ಒಲವಿಗೆ ಮಾತ್ರ ಪ್ರತಿನಿಧಿಯನ್ನು ಕಳಿಸಿ ಸಮಾಧಾನವಾಗುವುದಿಲ್ಲ. ತನಗೆ ಬ್ಯಾಟರಿಯ ಗಂಧಗಾಳಿ ಇಲ್ಲದಿದ್ದರೂ ಎಲೆಕ್ಟ್ರಿಷಿಯನ್ನನ ಹಿಂದೆ ಟಾರ್ಚ್ ಹಿಡಿದು ನಿಲ್ಲಲಾದರೂ ಅದು ಬಂದೇ ಬರುತ್ತದೆ.

ಮಳೆ ನಿಂತ ಮೇಲೆ ನೋಡೋಣ ಎಂದು ನಾನು ವಾಯಿದೆ ಹಾಕಿದೆ. ಜುಲೈ ತಿಂಗಳ ಉಪಕಾರವನ್ನು ಫೆಬ್ರುವರಿಯಲ್ಲಿ ಓದಬೇಕು. ಆಗ ರಸ್ತೆ ಒಣಗಿರುತ್ತದೆ, ಬಸ್ಸು ಹೊತ್ತಿಗೆ ಬರುತ್ತದೆ, ರಸ್ತೆಯ ಪಾಲು ತಾನಾಗಿಯೇ ಕಳೆದುಹೋಗಿರುತ್ತದೆ. ಅಷ್ಟೇ ಅಲ್ಲದೆ ರೊಬಸ್ಟಾ ತೋಟದವನಿಗೆ ಅದು ಉಸಿರಾಡಲು ಬಿಡುವಿಲ್ಲದ ಕಾಲ. ಕೊಯ್ಲು ಮುಗಿಯುತ್ತಿರುವಾಗಲೇ ಹೂವಿಗೆ ನೀರು ಕೊಡಬೇಕು. ಹೂಮಳೆಯನ್ನು ನಂಬಿ ಕೂರಲಾಗದವರು ಕೆರೆಗೆ ಪಂಪು ಇಳಿಸಿ ಸ್ಪ್ರಿಂಕ್ಲರ್ ಹಾಕುತ್ತಾರೆ. ಒಂದು ಜಾಗಕ್ಕೆ ಇಂಚಿನಷ್ಟು ನೀರು ಬೀಳುವವರೆಗೆ ಕಾದು, ಪೈಪುಗಳನ್ನು ಕಳಚಿ, ಮುಂದಿನ ಸಾಲಿಗೆ ಜೋಡಿಸಿ, ಮತ್ತೆ ಎಂಜಿನ್ ಹಾಕಬೇಕು, ರಾತ್ರಿಯೂ ಹಾಗೆಯೇ. ನೀರು ಸಾಲದೆ ಹೋದರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ, ಮುಂದಿನ ವರ್ಷದ ಫಸಲು ಅಲ್ಲಿಯೇ ಹೋಯಿತು. ಓಡುತ್ತಿರುವ ಪಂಪನ್ನು ಆಳಿಗೆ ವಹಿಸಿ, ಬಸ್ಸಿರುವ ದಿನವೂ ಯಾರನ್ನಾದರೂ ಕರೆತರಲು ಮಡಿಕೇರಿಗೆ ಹೋದ ತೋಟದ ಯಜಮಾನನ ಬಗ್ಗೆ ಚಹಾದಂಗಡಿಯವರು ಏನು ಹೇಳಿದರೂ ನಾನು ವಿರೋಧಿಸುವುದಿಲ್ಲ.

ಇಂಥ ವಿಷಯಗಳನ್ನು ಪರೀಕ್ಷಿಸಿ ನೋಡಿದ ಪಂಡಿತರೂ ಇದ್ದಾರೆ. ಅಮೆರಿಕದ ಮಾರ್ಗರೆಟ್ ಕ್ಲಾರ್ಕ್ ಮತ್ತು ಜಡ್ಸನ್ ಮಿಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಾದ ಯುವಕರು ಒಬ್ಬ ಚೆಲುವೆಗೆ ಒಂದು ಕೆಲಸದಲ್ಲಿ ನೆರವಾಗುತ್ತಾರೆ. ಅವಳು ವಿವಾಹಿತೆ ಎಂದು ಕೆಲವರಿಗೂ, ಊರಿಗೆ ಹೊಸಬಳು, ಪರಿಚಯ ಬೆಳೆಸಿಕೊಳ್ಳಲು ಬಯಸುತ್ತಾಳೆ ಎಂದು ಕೆಲವರಿಗೂ ತಿಳಿಸಲಾಗಿರುತ್ತದೆ. ನೆರವಿಗೆ ಪ್ರತಿಯಾಗಿ ಅವಳು ಏನಾದರೂ ಹಿಂದಿರುಗಿಸಿದಾಗ ಮೊದಲನೆಯ ಗುಂಪಿನವರಿಗೆ ಅವಳು ಹೆಚ್ಚು ಮೆಚ್ಚುಗೆಯಾದಳು, ಎರಡನೆಯ ಗುಂಪಿನವರಿಗೆ ಅದೇ ಕಾರಣದಿಂದ ಕಡಿಮೆ ಮೆಚ್ಚುಗೆಯಾದಳು. ಲೆಕ್ಕ ಚುಕ್ತಾ ಆಗಲಿ ಎನ್ನುವವನಿಗೆ ಹಣ ಸಂತೋಷ ಕೊಡುತ್ತದೆ, ಲೆಕ್ಕ ಮುಂದುವರಿಯಲಿ ಎನ್ನುವವನಿಗೆ ಅದೇ ಹಣ ಮುಖಕ್ಕೆ ಬಾಗಿಲು ಹಾಕಿದಂತಾಗುತ್ತದೆ. ಕೊಡಗಿನಲ್ಲಿ ಈ ಪ್ರಯೋಗ ಮಾಡುವವರು ಹಣವನ್ನೇ ಬಳಸಬೇಕು, ಹಲಸಿನಹಣ್ಣು, ಕಾಳುಮೆಣಸು, ಕಾಚಂಪುಳಿಯ ಬಾಟಲಿ ಇವು ಪ್ರಯೋಜನಕ್ಕೆ ಬಾರವು. ಅವನ್ನು ಎಲ್ಲರೂ ಎಲ್ಲರಿಂದಲೂ ತೆಗೆದುಕೊಳ್ಳುತ್ತಾರೆ. ಕೊಟ್ಟ ಡಬ್ಬಿ ತುಂಬಿಕೊಂಡು ಹಿಂದಿರುಗಿತು ಎಂದು ಹಿಗ್ಗುವುದೂ ಬೇಡ, ಡಬ್ಬಿಯನ್ನು ಖಾಲಿ ಕಳಿಸದವರು ಅವನ ತಾಯಿ.

ಎದುರು ಬದಿಯಿಂದಲೂ ಓದು ತಪ್ಪುತ್ತದೆ. ಆಂಟೋನಿಯಾ ಅಬ್ಬಿ 1982ರಲ್ಲಿ ವರದಿ ಮಾಡಿದ ಅಧ್ಯಯನದಲ್ಲಿ ಒಬ್ಬ ಯುವಕನೂ ಒಬ್ಬ ಯುವತಿಯೂ ಐದು ನಿಮಿಷ ಮಾತಾಡಿದರು, ಇನ್ನೊಂದು ಜೋಡಿ ಮರೆಯಿಂದ ನೋಡಿತು. ಮಾತಾಡಿದ ಗಂಡಸರೂ ನೋಡಿದ ಗಂಡಸರೂ ಆ ಯುವತಿಯ ಸಾಮಾನ್ಯ ಸ್ನೇಹದಲ್ಲಿ ಹೆಂಗಸರಿಗೆ ಕಾಣದ ಆಕರ್ಷಣೆಯನ್ನು ಕಂಡರು. ಆದುದರಿಂದ ಅವಳು ನಗುತ್ತಾ ಹೇಳಿದ ಥ್ಯಾಂಕ್ಸನ್ನು ಅವನೂ ಮನೆಗೆ ಹೋಗಿ ತೂಗಿ ನೋಡುತ್ತಿರಬಹುದು ಎಂದು ಅವಳಿಗೆ ಎಚ್ಚರಿಸಿದೆ. ಒಂದು ಸಂಜೆ ಬೇಡವೆಂದು ಹೇಳಿ ನೋಡು ಎಂದೂ ಸೂಚಿಸಿದೆ, ಏಕೆಂದರೆ ಬೇಡ ಎಂದಾಗ ಬರುವ ಮಾತಿನಲ್ಲಿ ಹೆಚ್ಚು ತಿಳಿಯುತ್ತದೆ. "ಅಷ್ಟೆಲ್ಲ ಮಾಡಿದೆನಲ್ಲ" ಎಂಬ ಮಾತು ಬಂದರೆ ಅವನು ಎಷ್ಟೇ ಒಳ್ಳೆಯ ಮೆಕ್ಯಾನಿಕ್ ಆಗಿದ್ದರೂ ಆ ಜೀಪಿಗೆ ಇನ್ನು ಹತ್ತಬಾರದು. ಕೊಡುವಾಗ ಹೇಳದ ಬೆಲೆಯನ್ನು ಆಮೇಲೆ ಕೇಳುವುದು ಕಾಳಜಿಯೂ ಅಲ್ಲ, ಒಲವೂ ಅಲ್ಲ. ಅವಳು ಬೇಡ ಎಂದಾಗ ಅವನು, "ಕೊನೆಯ ಬಸ್ಸು ಈಗ ಬೇಗ ಹೊರಡುತ್ತದೆ, ನೋಡಿಕೊಳ್ಳಿ," ಎಂದನಂತೆ. ಯಾಕೆ ಎಂದು ಕೇಳಲಿಲ್ಲ. ಇದನ್ನು ಹೇಳುವಾಗ ಅವಳ ಮುಖ ಸ್ವಲ್ಪ ಬಾಡಿದ್ದನ್ನು ಗಮನಿಸಿದೆ. ಇಷ್ಟು ದಿನ ಅವನ ಉತ್ತರಪತ್ರಿಕೆಯನ್ನು ತಿದ್ದುತ್ತಿದ್ದ ನನಗೆ ಅವಳದ್ದನ್ನು ತೆರೆದು ನೋಡಬೇಕಿತ್ತೆಂಬುದು ಆಗ ಹೊಳೆಯಿತು.

ಫೆಬ್ರುವರಿಯಲ್ಲಿ ಅವನು ಸ್ಪ್ರಿಂಕ್ಲರಿಗೆಂದು ರಜೆ ಹಾಕಿದನು, ಅವಳು ಬಸ್ಸಿನಲ್ಲಿ ಬಂದಳು. ರಜೆ ಮುಗಿದು ಜೀಪು ಮತ್ತೆ ಹೊರಟಾಗ ಅವಳು ಧೈರ್ಯ ಮಾಡಿ, ಇನ್ನು ಮುಂದೆ ಡೀಸೆಲ್‌ನಲ್ಲಿ ಅರ್ಧ ಪಾಲು ತನ್ನದು ಎಂದು ಹೇಳಿದಳು. ಅವನು ಮೂರ್ನಾಡು ದಾಟುವವರೆಗೂ ಮಾತಾಡಲಿಲ್ಲವಂತೆ. ಆಮೇಲೆ ಬಾಯಲ್ಲೇ ಗುಣಿಸಿ ಹೇಳಿದನು: ಸಂಜೆಗೆ 20 ಕಿಲೋಮೀಟರ್, ತಿಂಗಳಿಗೆ 20 ದಿನ, ಲೀಟರಿಗೆ 13 ಕಿಲೋಮೀಟರ್, ಸುಮಾರು 31 ಲೀಟರು, ಲೀಟರಿಗೆ 90 ರೂಪಾಯಿ ಹಿಡಿದರೆ 2,790, ಅದರಲ್ಲಿ ಅರ್ಧ 1,395.

ಅವಳು ನೇರವಾಗಿ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಚೀಲ ಎಸೆದು ಕುಳಿತಳು.

"ಹೆಚ್ಚು ಹೇಳಿದನೇನಮ್ಮ?" ಎಂದೆ.

"ಇಲ್ಲ ಟೀಚರೇ, ನಾನೂ ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿದೆ," ಎಂದಳು ಸಿಟ್ಟಿನಿಂದ. "ಒಂದು ರೂಪಾಯಿಯೂ ತಪ್ಪಿಲ್ಲ."